ಮುಂದಿನ ಪ್ರಸಂಗ ಯಾವುದು? ಕೇಳುಗರ ಮತ ಕೇಳುವ ಬಗೆ

ಕುಮಾರವ್ಯಾಸ ಭಾರತವನ್ನು ಗಮಕದಲ್ಲಿ ಓದಿ, ಅರ್ಥ ಬಿಡಿಸಿ ಹೇಳುವ ಯೂಟ್ಯೂಬ್ ಚಾನೆಲ್ ಒಂದನ್ನು ಊಹಿಸಿಕೊಳ್ಳಿ. ಕಾವ್ಯದಲ್ಲಿ ಹತ್ತು ಪರ್ವಗಳು, 150ಕ್ಕೂ ಹೆಚ್ಚು ಸಂಧಿಗಳು, 8,000ಕ್ಕೂ ಹೆಚ್ಚು ಪದ್ಯಗಳು ಇವೆ. ಒಂದು ಭಾಮಿನಿ ಷಟ್ಪದಿಯನ್ನು ಹಾಡಿ ವಿವರಿಸಲು ಮೂರು ನಿಮಿಷ ಸಾಕು ಎಂದುಕೊಂಡರೂ ಇಡೀ ಕಾವ್ಯಕ್ಕೆ 400 ಗಂಟೆ ಬೇಕು. ವಾರಕ್ಕೆ ಇಪ್ಪತ್ತು ನಿಮಿಷದ ಒಂದು ಕಂತಿನಂತೆ ಹೊರಟರೆ ಮುಗಿಯುವುದಕ್ಕೆ ಇಪ್ಪತ್ತಮೂರು ವರ್ಷ. ಹಾಗಾಗಿ ಇಂಥ ಚಾನೆಲ್ ನಡೆಸುವವರು ಬೇಕಿರಲಿ ಬೇಡವಿರಲಿ ಆಯ್ಕೆ ಮಾಡಲೇಬೇಕು. ಆ ಆಯ್ಕೆಯಲ್ಲಿ ಕೇಳುಗರಿಗೂ ಒಂದು ಪಾಲು ಕೊಡೋಣ ಎಂದು ಹಲವರು ಪೋಸ್ಟ್ ಹಾಕಿ, ಪೋಲ್ ಇಟ್ಟು, ಮುಂದಿನ ಕಂತಿಗೆ ಯಾವುದು ಬೇಕೆಂದು ಕೇಳುತ್ತಾರೆ. ಕೇಳುವುದು ಸುಲಭ. ಆದರೆ ಬಂದ ಉತ್ತರವನ್ನು ಏನೆಂದು ಓದಬೇಕು, ಅದಕ್ಕೆ ಎಷ್ಟರ ಮಟ್ಟಿಗೆ ಕಟ್ಟುಬೀಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸದೆ ಹೋದರೆ ನಾಲ್ಕೈದು ಸಲ ಕೇಳುವಷ್ಟರಲ್ಲಿ ಚಾನೆಲ್ಲಿನ ದಿಕ್ಕು ತಪ್ಪುತ್ತದೆ.

ಇದು ನಮಗೆ ಹೊಸ ಪದ್ಧತಿಯಲ್ಲ. ಕರಾವಳಿಯ ಹರಕೆ ಬಯಲಾಟದಲ್ಲಿ ಆಟ ಆಡಿಸುವ ಸೇವಾಕರ್ತರು ತಮಗೆ ಬೇಕಾದ ಪ್ರಸಂಗವನ್ನು ಹೇಳುವ ರೂಢಿ ಉಂಟು. ತಾಳಮದ್ದಳೆಯನ್ನು ಏರ್ಪಡಿಸುವವರೂ ಪ್ರಸಂಗವನ್ನು ಹೀಗೆಯೇ ಗೊತ್ತುಮಾಡುತ್ತಾರೆ. ಆದರೆ ಅಲ್ಲಿ ಆಯ್ಕೆಗೆ ಒಂದು ಬೇಲಿ ಇದೆ. ಮೇಳದ ಭಾಗವತರಿಗೆ ಪದ್ಯ ಗೊತ್ತಿರುವ, ಕಲಾವಿದರಿಗೆ ನಡೆ ಗೊತ್ತಿರುವ ಪ್ರಸಂಗಗಳ ಒಳಗಿಂದಲೇ ಆರಿಸಬೇಕು. ಹೇಳಿದವರ ಮಾತಿಗೂ ಬೆಲೆ ಸಿಗುತ್ತದೆ, ಆಟವೂ ಕೆಡುವುದಿಲ್ಲ. ಚಾನೆಲ್ಲಿನ ಪೋಲ್ ಕೂಡ ಈ ಬೇಲಿಯೊಳಗೇ ನಡೆಯಬೇಕು ಎಂಬುದು ನನ್ನ ವಾದ. ಜನರನ್ನು ಕೇಳಬೇಕಾದ ಪ್ರಶ್ನೆ ‘ಯಾವುದು ಮೊದಲು’ ಎಂಬುದು. ‘ಯಾವುದು ಬೇಕು’ ಎಂದು ಕೇಳಿದ ಕೂಡಲೇ ಗೆಲ್ಲದೆ ಉಳಿದವು ಬೇಡವಾದವು ಎಂಬ ಅರ್ಥ ಬಂದುಬಿಡುತ್ತದೆ. ಹಾಗೆ ನಾಲ್ಕು ಸಲ ಆದರೆ ಚಾನೆಲ್ಲಿನ ಕೈಯಲ್ಲಿ ನಾಲ್ಕು ಪ್ರಸಿದ್ಧ ಪ್ರಸಂಗಗಳು ಮಾತ್ರ ಉಳಿಯುತ್ತವೆ. ‘ಯಾವುದು ಮೊದಲು’ ಎಂದು ಕೇಳಿದರೆ ಎಲ್ಲವೂ ಬರಲಿವೆ, ಸರದಿಯನ್ನು ನೀವು ಹೇಳಿ ಎಂದ ಹಾಗಾಯಿತು. ಸೋತ ಪ್ರಸಂಗಕ್ಕೆ ಮತ ಹಾಕಿದವರಿಗೂ ಕಾಯುವುದಕ್ಕೆ ಒಂದು ಕಾರಣ ಸಿಗುತ್ತದೆ.

ಈ ಮಾತು ಉಳಿಯಬೇಕಾದರೆ ಪೋಲಿನಲ್ಲಿ ಇಡುವ ಪ್ರತಿ ಆಯ್ಕೆಯೂ ಆಗಲೇ ಅರ್ಧ ಸಿದ್ಧವಾಗಿರಬೇಕು. ಪಠ್ಯ ಗೊತ್ತಾಗಿರಬೇಕು, ಪಾಠಾಂತರ ನೋಡಿರಬೇಕು, ಕಠಿಣ ಪದಗಳ ಅರ್ಥ ತೆಗೆದಿರಬೇಕು, ಯಾವ ರಾಗದಲ್ಲಿ ಓದುವುದೆಂದು ಸುಮಾರಾಗಿ ನಿಶ್ಚಯವಾಗಿರಬೇಕು. ಮೂರು ಆಯ್ಕೆ ಇಟ್ಟರೆ ಮೂರಕ್ಕೂ ಈ ಕೆಲಸ ಆಗಿರಬೇಕು. ಹೊರೆ ಹೆಚ್ಚಲ್ಲವೇ ಎನ್ನಬಹುದು. ಸರದಿಯ ಪದ್ಧತಿಯಲ್ಲಿ ಈ ಕೆಲಸ ವ್ಯರ್ಥವಾಗುವುದಿಲ್ಲ, ಏಕೆಂದರೆ ಇಂದು ಸೋತದ್ದು ಮುಂದಿನ ತಿಂಗಳಿಗೆ ಬೇಕೇ ಬೇಕು. ಸಿದ್ಧತೆಯಿಲ್ಲದೆ ಐದು ಹೆಸರು ಪಟ್ಟಿ ಮಾಡಿ, ಗೆದ್ದ ಪ್ರಸಂಗ ಕೈಗೆ ನಿಲುಕದೆ ಎರಡು ವಾರ ತಡವಾದರೆ ಮತ ಹಾಕಿದವರಿಗೆ ಮುಂದಿನ ಪೋಲಿನ ಮೇಲೆ ನಂಬಿಕೆ ಇರುವುದಿಲ್ಲ.

ಈಗ ಸಾಧನದ ವಿಷಯ. ಯೂಟ್ಯೂಬ್ ಆ್ಯಪಿನ ಪ್ಲಸ್ ಗುರುತು ಒತ್ತಿಯೋ ಕಂಪ್ಯೂಟರಿನಲ್ಲಿ ಕ್ರಿಯೇಟ್ ಗುಂಡಿಯಿಂದಲೋ ಪೋಸ್ಟ್ ಬರೆಯಬಹುದು. ಅದರಲ್ಲಿ ಪೋಲ್ ಆರಿಸಿ, ಪ್ರಶ್ನೆ ಮತ್ತು ಆಯ್ಕೆಗಳನ್ನು ತುಂಬಬೇಕು. ಆ ಸೌಲಭ್ಯ ನಿಮ್ಮ ಚಾನೆಲ್ಲಿಗೆ ಸಿಕ್ಕಿದೆಯೇ ಎಂಬುದು ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿರುವ ಫೀಚರ್ ಎಲಿಜಿಬಿಲಿಟಿ ಪುಟದಲ್ಲಿ ಕಾಣುತ್ತದೆ. ಇಷ್ಟು ಎಲ್ಲರಿಗೂ ಬೇಗ ತಿಳಿಯುತ್ತದೆ. ಅಷ್ಟು ಬೇಗ ಗಮನಕ್ಕೆ ಬಾರದ ಗುಣಗಳು ಮೂರಿವೆ, ಮುಂದಿನ ಕೆಲವು ಎಚ್ಚರಿಕೆಗಳು ಅವುಗಳಿಂದಲೇ ಹುಟ್ಟುವಂಥವು. ಮೊದಲನೆಯದು, ಪೋಸ್ಟ್ ಸಬ್‌ಸ್ಕ್ರೈಬರುಗಳಿಗೆ ಮಾತ್ರ ಕಾಣುವುದಲ್ಲ. ಚಾನೆಲ್ಲಿಗೆ ಸೇರದವರ ಹೋಮ್ ಪುಟದಲ್ಲೂ ಅದು ಬರಬಹುದು, ಅವರೂ ಮತ ಒತ್ತಬಹುದು. ‘ನಮ್ಮ ಚಂದಾದಾರರು ಆರಿಸಿದ್ದು’ ಎಂದು ಹೇಳುವಾಗ ಈ ಬೆರಕೆ ನೆನಪಿರಲಿ. ಎರಡನೆಯದು, ಯಾರು ಯಾವುದಕ್ಕೆ ಮತ ಹಾಕಿದರೆಂದು ಚಾನೆಲ್ಲಿನವರಿಗೆ ಕಾಣುವುದಿಲ್ಲ, ಮೊತ್ತ ಮಾತ್ರ ಕಾಣುತ್ತದೆ. ಮೂರನೆಯದು, ನೋಡುಗರಿಗೆ ಶೇಕಡಾವಾರು ಫಲಿತಾಂಶ ಕಾಣುವುದು ತಾವು ಒಂದನ್ನು ಒತ್ತಿದ ಮೇಲೆ. ಇದು ಒಳ್ಳೆಯ ಏರ್ಪಾಡು, ಆದರೆ ಒಂದು ತೊಡಕೂ ಜೊತೆಗಿದೆ. ಫಲಿತಾಂಶದ ಕುತೂಹಲಕ್ಕಾಗಿಯೇ ಕೈಗೆ ಸಿಕ್ಕಿದ್ದನ್ನು ಒತ್ತುವವರು ಇರುತ್ತಾರೆ.

ಒಂದು ಪೋಲನ್ನು ಅಂಕಿಗಳ ಸಮೇತ ನೋಡೋಣ. ಅಂಕಿಗಳು ಕಲ್ಪಿತವಾದರೂ ಇಂಥ ಪಟ್ಟಿಗೆ ಮತ ಹೀಗೆ ಹಂಚಿಹೋಗಬಹುದು. ಪ್ರಶ್ನೆ: ಮುಂದಿನ ಕಂತಿಗೆ ಯಾವ ಪ್ರಸಂಗ? ಆಯ್ಕೆಗಳು: ದ್ರೌಪದಿ ವಸ್ತ್ರಾಪಹರಣ, ಕರ್ಣಭೇದನ, ಕರ್ಣಾವಸಾನ, ಕಿರಾತಾರ್ಜುನೀಯ, ಉತ್ತರಗೋಗ್ರಹಣ. ಬಿದ್ದ 400 ಮತಗಳಲ್ಲಿ ದ್ರೌಪದಿಯ ಪ್ರಸಂಗಕ್ಕೆ 140, ಕರ್ಣನ ಎರಡಕ್ಕೆ 95 ಮತ್ತು 85, ಕಿರಾತಕ್ಕೆ 45, ಗೋಗ್ರಹಣಕ್ಕೆ 35. ಗೆದ್ದದ್ದು ವಸ್ತ್ರಾಪಹರಣ. ಆದರೆ ಕರ್ಣನ ಕಥೆ ಕೇಳಬೇಕೆಂದವರು ಒಟ್ಟು 180 ಜನ, ಅಂದರೆ ಶೇ. 45. ಒಂದೇ ಪಾತ್ರದ ಎರಡು ಪ್ರಸಂಗಗಳನ್ನು ಎದುರುಬದುರು ನಿಲ್ಲಿಸಿದ್ದರಿಂದ ಅವರ ಮತ ಒಡೆದು, ಶೇ. 35 ಪಡೆದದ್ದು ಮುಂದೆ ಹೋಯಿತು. ಒಬ್ಬರಿಗೆ ಒಂದೇ ಒತ್ತು ಇರುವ ಯಾವ ಮತದಾನದಲ್ಲೂ ಇದು ಆಗುತ್ತದೆ. ಪಟ್ಟಿ ಮಾಡುವಾಗಲೇ ತಡೆಯುವುದೊಂದೇ ಇದಕ್ಕೆ ದಾರಿ: ಒಂದು ಪೋಲಿನಲ್ಲಿ ಒಂದು ಪಾತ್ರಕ್ಕೆ, ಒಂದು ರಸಕ್ಕೆ ಒಂದೇ ಪ್ರಸಂಗ. ಕರ್ಣನ ಎರಡನ್ನೂ ಕೇಳಲೇಬೇಕೆಂದಿದ್ದರೆ ಒಂದು ವಾರ ಪಾತ್ರವನ್ನು ಆರಿಸಲು ಕೊಟ್ಟು, ಮರುವಾರ ಆ ಪಾತ್ರದ ಪ್ರಸಂಗಗಳನ್ನು ಇಡಬಹುದು.

ಅದೇ ಪಟ್ಟಿಯಲ್ಲಿ ಇನ್ನೊಂದು ದೋಷವಿದೆ, ಅದು ಮತಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಆಯ್ಕೆಗಳ ಅಳತೆ ಒಂದೇ ಅಲ್ಲ. ಇಪ್ಪತ್ತು ನಿಮಿಷದಲ್ಲಿ ಆರೇಳು ಪದ್ಯ ಓದಿ ಅರ್ಥ ಹೇಳಬಹುದು. ಉತ್ತರಗೋಗ್ರಹಣ ಎಂದರೆ ವಿರಾಟಪರ್ವದ ಹಲವು ಸಂಧಿಗಳ ಮೇಲೆ ಹರಡಿದ ದೊಡ್ಡ ಕಥಾಭಾಗ, ಅದನ್ನು ಗೆಲ್ಲಿಸಿದರೆ ತಿಂಗಳುಗಟ್ಟಲೆ ಅದೇ ನಡೆಯಬೇಕು. ಕೃಷ್ಣನು ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗವನ್ನಾದರೆ ಮೂರ್ನಾಲ್ಕು ಕಂತುಗಳಲ್ಲಿ ಮುಗಿಸಬಹುದು. ಮತ ಹಾಕುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಹಾಗಾಗಿ ಆಯ್ಕೆಯನ್ನು ಪ್ರಸಂಗದ ಹೆಸರಿನಿಂದ ಗುರುತಿಸದೆ ಪದ್ಯಗಳ ಗುಚ್ಛವಾಗಿ ಗುರುತಿಸಿಕೊಳ್ಳಬೇಕು. ಉತ್ತರನು ಅಂತಃಪುರದಲ್ಲಿ ಬಡಾಯಿ ಕೊಚ್ಚುವ ಭಾಗ ಒಂದು ಗುಚ್ಛ, ಕೌರವಸೇನೆ ಕಂಡು ರಥ ಬಿಟ್ಟು ಓಡುವುದು ಇನ್ನೊಂದು. ಪ್ರತಿ ಗುಚ್ಛಕ್ಕೂ ಆರರಿಂದ ಎಂಟು ಪದ್ಯ ಎಂದಿಟ್ಟುಕೊಂಡರೆ ಯಾವುದು ಗೆದ್ದರೂ ಚಾನೆಲ್ಲಿನ ವೇಳಾಪಟ್ಟಿ ಅಲುಗುವುದಿಲ್ಲ. ಪೋಸ್ಟಿನಲ್ಲೇ ಪರ್ವ, ಸಂಧಿ, ಪದ್ಯಗಳ ಸಂಖ್ಯೆ ಮತ್ತು ಯಾವ ಮುದ್ರಣ ಎಂಬುದನ್ನು ಬರೆದರೆ ಇನ್ನೂ ಒಳ್ಳೆಯದು, ಏಕೆಂದರೆ ಮುದ್ರಣದಿಂದ ಮುದ್ರಣಕ್ಕೆ ಪದ್ಯಸಂಖ್ಯೆ ಬದಲಾಗುವುದುಂಟು. ಪುಸ್ತಕ ಇಟ್ಟುಕೊಂಡು ಕೇಳುವವರು ಇರುತ್ತಾರೆ, ಅವರು ಮೊದಲೇ ಓದಿಕೊಂಡು ಬರುತ್ತಾರೆ.

ಪ್ರಸಿದ್ಧಿಯ ಸಮಸ್ಯೆ ಇವೆರಡಕ್ಕಿಂತ ದೊಡ್ಡದು. ಮೇಲಿನ ಪೋಲಿನಲ್ಲಿ ಕಿರಾತಾರ್ಜುನೀಯಕ್ಕೆ 45 ಮತ ಬಿದ್ದರೆ ಅದರರ್ಥ ಜನರಿಗೆ ಅದು ಬೇಡ ಎಂದಲ್ಲ. ಹೆಸರು ಕೇಳಿ ಕಥೆ ಕಣ್ಣಮುಂದೆ ಬರುವವರು ಅಷ್ಟೇ ಜನ. ವಸ್ತ್ರಾಪಹರಣವೆಂದರೆ ನಾಟಕ, ಸಿನಿಮಾ, ಧಾರಾವಾಹಿಗಳಲ್ಲಿ ನೋಡಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದನ್ನು ಯಾರೂ ಬಯಸಲಾರರು. ಹೀಗಾಗಿ ಹೆಸರುಗಳ ಪಟ್ಟಿ ಕೊಟ್ಟಾಗ ಪೋಲ್ ಅಳೆಯುವುದು ಪರಿಚಯವನ್ನು, ಆಸಕ್ತಿಯನ್ನಲ್ಲ. ಇದಕ್ಕೆ ಪರಿಹಾರ ಆಯ್ಕೆಯ ಸಾಲಿನಲ್ಲೇ ಇದೆ. ಹೆಸರಿನ ಬದಲು ಸನ್ನಿವೇಶವನ್ನು ಬರೆಯಿರಿ: ‘ಬೇಟೆಯ ಹಂದಿಗಾಗಿ ಬೇಡನೊಡನೆ ಕಾಳಗ’, ‘ಅಂತಃಪುರದಲ್ಲಿ ರಾಜಕುಮಾರನ ಬಡಾಯಿ’, ‘ಶತ್ರುಗಳೇ ಒಡಹುಟ್ಟಿದವರೆಂದು ತಿಳಿದಾಗ’. ಮೂರರಲ್ಲೂ ಪಾತ್ರದ ಹೆಸರಿಲ್ಲ. ಒಂದರಲ್ಲಿ ಕರ್ಣ ಎಂದು ಬರೆದು ಉಳಿದೆರಡರಲ್ಲಿ ಬಿಟ್ಟರೆ ಕರ್ಣನೇ ಗೆಲ್ಲುತ್ತಾನೆ. ಹೆಸರಿದ್ದರೆ ಎಲ್ಲದರಲ್ಲೂ ಇರಲಿ, ಇಲ್ಲದಿದ್ದರೆ ಯಾವುದರಲ್ಲೂ ಬೇಡ. ಪರ್ವ, ಸಂಧಿಗಳ ವಿವರವನ್ನು ಆಯ್ಕೆಗಳ ಮೇಲಿರುವ ಪೋಸ್ಟಿನ ಬರಹದಲ್ಲಿ ಕೊಡಬಹುದು.

ಆಯ್ಕೆಯ ಸಾಲಿಗೆ ಅಕ್ಷರಗಳ ಮಿತಿ ಬಿಗಿಯಾಗಿದೆ, ಕನ್ನಡದಲ್ಲಿ ಅದು ಇನ್ನೂ ಬೇಗ ತೀರುತ್ತದೆ. ನಮ್ಮ ಕಣ್ಣಿಗೆ ‘ವಸ್ತ್ರಾಪಹರಣ’ ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ವಿರಾಮ ಚಿಹ್ನೆ, ಒತ್ತು ಪಡೆದ ವ್ಯಂಜನ, ಸ್ವರಚಿಹ್ನೆ ಎಲ್ಲ ಬೇರೆಬೇರೆ ಸಂಕೇತಗಳಾಗಿ ಅದು ಹನ್ನೊಂದು. ಕೃಷ್ಣ ಎಂಬ ಎರಡಕ್ಷರದ ಹೆಸರಿಗೆ ಐದು ಸಂಕೇತ ಬೇಕು. ಒತ್ತಕ್ಷರಗಳ ಸಂಸ್ಕೃತ ಸಮಾಸಕ್ಕಿಂತ ಅಚ್ಚಗನ್ನಡದ ಬಿಡಿ ಮಾತುಗಳು ಇಲ್ಲಿ ಮಿತಿಯೊಳಗೆ ಹೆಚ್ಚು ಹೇಳುತ್ತವೆ, ಓದುವುದಕ್ಕೂ ಹಗುರ. ಫೋನಿನ ಪರದೆಯಲ್ಲಿ ಒಂದೇ ಸಾಲಿಗೆ ಮುಗಿಯುವ ಆಯ್ಕೆ ಒಳ್ಳೆಯದು. ಪೋಸ್ಟ್ ಮಾಡುವ ಮುಂಚೆ ಬರೆದ ಸಾಲನ್ನು ಫೋನಿನಲ್ಲೇ ಒಮ್ಮೆ ನೋಡಬೇಕು.

ಆಯ್ಕೆಗಳ ಕ್ರಮವೂ ಮತವನ್ನು ಎಳೆಯುತ್ತದೆ. ಜಾನ್ ಕ್ರಾಸ್ನಿಕ್ ಮತ್ತು ಡುವೇನ್ ಆಲ್ವಿನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿಗೆ ಕಾಣುವಂತೆ ಕೊಟ್ಟ ಪಟ್ಟಿಯ ಆರಂಭದಲ್ಲಿರುವ ಆಯ್ಕೆಗಳನ್ನು ಜನ ಹೆಚ್ಚು ಆರಿಸುತ್ತಾರೆಂದು ತೋರಿಸಿದ್ದರು. ಮೇಲಿನಿಂದ ಓದುತ್ತ ಬರುವವರು ಪರವಾಗಿಲ್ಲ ಎನಿಸಿದ ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಒಂದು ಪೋಸ್ಟಿನಲ್ಲಿ ಕ್ರಮ ಎಲ್ಲರಿಗೂ ಒಂದೇ ಆದ್ದರಿಂದ, ಕಡಿಮೆ ಪರಿಚಿತವಾದುದನ್ನು ಮೇಲೆ, ಪ್ರಸಿದ್ಧವಾದುದನ್ನು ಕೆಳಗೆ ಇಡುವುದು ನ್ಯಾಯ. ಸೋತ ಪ್ರಸಂಗ ಮುಂದಿನ ಪೋಲಿಗೆ ಮರಳಿದಾಗ ಅದರ ಜಾಗ ಬದಲಾಗಬೇಕು. ಕೊನೆಯ ಆಯ್ಕೆಯಾಗಿ ‘ಯಾವುದಾದರೂ ಸರಿ’ ಎಂಬುದನ್ನು ತಪ್ಪದೆ ಇಡಬೇಕು. ಫಲಿತಾಂಶ ನೋಡಲೆಂದೇ ಬಂದವರು ಅದನ್ನು ಒತ್ತುತ್ತಾರೆ, ಉಳಿದ ಮತಗಳಿಗೆ ಕಲಬೆರಕೆ ಆಗುವುದಿಲ್ಲ. ಆ ಆಯ್ಕೆಗೇ ಅರ್ಧದಷ್ಟು ಮತ ಬಿದ್ದರೆ ಅದೂ ಒಂದು ಸುದ್ದಿ: ಉಳಿದ ಸಾಲುಗಳು ಯಾರಿಗೂ ಏನನ್ನೂ ಹೇಳಲಿಲ್ಲ ಎಂದು ತಿಳಿದು, ಮುಂದಿನ ಸಲ ಬೇರೆ ಬಗೆಯಲ್ಲಿ ಬರೆಯಬೇಕು.

ಪೋಸ್ಟ್ ಹಾಕಿದ ಮೇಲೆ ಚಾನೆಲ್ಲಿನವರು ಬಾಯಿ ಬಿಗಿಹಿಡಿಯಬೇಕಾದ ಎರಡು ದಿನಗಳಿವೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ಯಾರೂ ಕೇಳಿರದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಇತರರು ಎಷ್ಟು ಸಲ ಇಳಿಸಿಕೊಂಡರೆಂಬ ಎಣಿಕೆ ಕಾಣುತ್ತಿತ್ತು, ಕೆಲವರಿಗೆ ಕಾಣುತ್ತಿರಲಿಲ್ಲ. ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡುಗಳು ಬಹಳ ಮುಂದೆ ಹೋದವು, ಆದರೆ ಯಾವ ಹಾಡು ಗೆಲ್ಲುತ್ತದೆ ಎಂಬುದು ಒಂದು ಗುಂಪಿನಿಂದ ಇನ್ನೊಂದಕ್ಕೆ ಬೇರೆಬೇರೆಯಾಯಿತು. ಮೊದಲು ಬಂದವರ ಒಲವು ಆಮೇಲೆ ಬಂದವರ ಒಲವಾಯಿತು. ಯೂಟ್ಯೂಬ್ ಮತಕ್ಕೆ ಮುಂಚೆ ಶೇಕಡಾವಾರನ್ನು ಮುಚ್ಚಿಡುವುದರಿಂದ ಈ ಅಪಾಯ ಅರ್ಧ ತಪ್ಪುತ್ತದೆ. ಉಳಿದರ್ಧ ಕಾಮೆಂಟುಗಳಲ್ಲಿ ಬರುತ್ತದೆ. ‘ಇದೇ ಮುಂದಿದೆ, ಇನ್ನಷ್ಟು ಮತ ಹಾಕಿ’ ಎಂದು ಚಾನೆಲ್ಲಿನವರೇ ಬರೆದರೆ, ಅಥವಾ ಒಂದು ಪ್ರಸಂಗವನ್ನು ಮೆಚ್ಚಿದ ಕಾಮೆಂಟಿಗೆ ಮಾತ್ರ ಹೃದಯದ ಗುರುತು ಕೊಟ್ಟರೆ, ಮುಚ್ಚಿದ್ದನ್ನು ತೆರೆದಂತೆ. ಅವಧಿ ಮುಗಿಯುವ ತನಕ ಎಲ್ಲ ಕಾಮೆಂಟುಗಳಿಗೂ ಒಂದೇ ಬಗೆಯ ಉತ್ತರ ಇರಲಿ. ಹಾಗೆಂದು ಕಾಮೆಂಟು ಬೇಡವೆಂದಲ್ಲ. ಯಾಕೆ ಈ ಆಯ್ಕೆ ಎಂದು ಒಂದು ಸಾಲು ಬರೆಯಿರಿ ಎಂದು ಪೋಸ್ಟಿನಲ್ಲೇ ಕೇಳಿಕೊಳ್ಳಬೇಕು. ಮತ ಸಂಖ್ಯೆಯನ್ನು ಕೊಡುತ್ತದೆ, ಕಾರಣವನ್ನು ಕೊಡುವುದು ಆ ಸಾಲು. ಇಂಥ ಪದ್ಯದ ಇಂಥ ಮಾತಿನ ಅರ್ಥ ತಿಳಿಯಬೇಕಿತ್ತು ಎಂದು ಒಬ್ಬರು ಬರೆದರೆ ಕಂತಿನ ವ್ಯಾಖ್ಯಾನ ಎಲ್ಲಿ ನಿಧಾನಿಸಬೇಕೆಂದು ಗೊತ್ತಾಗುತ್ತದೆ.

ಅವಧಿಯನ್ನು ನೀವೇ ಬರೆದು ಹೇಳಬೇಕು, ಪೋಲ್ ತಾನಾಗಿ ಮುಚ್ಚಿಕೊಳ್ಳುತ್ತದೆಂದು ನಂಬಿಕೊಳ್ಳಬಾರದು. ಹಳೆಯ ಪೋಸ್ಟಿಗೆ ತಿಂಗಳ ಮೇಲೂ ಮತ ಬೀಳಬಹುದು, ಆಗ ಘೋಷಿಸಿದ ಫಲಿತಾಂಶಕ್ಕೂ ಕಾಣುವ ಅಂಕಿಗೂ ತಾಳೆಯಾಗದೆ ಅನುಮಾನ ಹುಟ್ಟುತ್ತದೆ. ಹೇಳಿದ ಹೊತ್ತಿಗೆ ಸ್ಕ್ರೀನ್‌ಶಾಟ್ ತೆಗೆದು, ಅದನ್ನೇ ಫಲಿತಾಂಶದ ಪೋಸ್ಟಿಗೆ ಚಿತ್ರವಾಗಿ ಹಾಕಿದರೆ ಮಾತು ಮುಗಿಯಿತು. ಎಷ್ಟು ಹೊತ್ತು ತೆರೆದಿಡಬೇಕು ಎಂಬುದಕ್ಕೆ ಕನ್ನಡದ ಚಾನೆಲ್ಲಿಗೆ ತನ್ನದೇ ಕಾರಣವಿದೆ. ಶನಿವಾರ ರಾತ್ರಿ ಎಂಟಕ್ಕೆ ಬೆಂಗಳೂರಿನಲ್ಲಿ ಪೋಸ್ಟ್ ಹಾಕಿದರೆ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಬೆಳಗಿನ ಏಳೂವರೆ. ಸೋಮವಾರ ರಾತ್ರಿ ಎಂಟಕ್ಕೆ ಮುಗಿಸಿದರೆ ಅಲ್ಲಿನ ಕನ್ನಡಿಗರಿಗೂ ಇಡೀ ವಾರಾಂತ್ಯ ಸಿಕ್ಕಿತು. ಇಪ್ಪತ್ತನಾಲ್ಕು ಗಂಟೆಯಲ್ಲಿ ಮುಚ್ಚಿದರೆ ಅವರ ಪಾಲಿನ ಭಾನುವಾರ ಕೈತಪ್ಪುತ್ತದೆ. ಕಂಪ್ಯೂಟರಿನಿಂದ ಪೋಸ್ಟನ್ನು ನಿಗದಿತ ಸಮಯಕ್ಕೆ ಹೋಗುವಂತೆ ಮೊದಲೇ ಇಟ್ಟಿರಬಹುದು. ಮತ ಬೀಳತೊಡಗಿದ ಮೇಲೆ ಆಯ್ಕೆಯಲ್ಲಿ ತಪ್ಪು ಕಂಡರೆ ತಿದ್ದಲು ಹೋಗದೆ, ಕಾರಣ ಹೇಳಿ ಆ ಪೋಸ್ಟನ್ನು ತೆಗೆದು ಹೊಸದು ಹಾಕುವುದು ಪ್ರಾಮಾಣಿಕ ದಾರಿ.

ಇನ್ನು ಫಲಿತಾಂಶ ಓದುವುದು. 100 ಮತಗಳಲ್ಲಿ ಒಂದಕ್ಕೆ 55, ಇನ್ನೊಂದಕ್ಕೆ 45 ಬಿದ್ದಿವೆ ಎನ್ನಿ. ಮಾತು ಕೊಟ್ಟದ್ದಕ್ಕೆ 55ರದ್ದೇ ಮೊದಲು ಬರಬೇಕು, ಅದರಲ್ಲಿ ಚರ್ಚೆಯಿಲ್ಲ. ಒಂದೇ ಮತದ ಅಂತರವಿದ್ದರೂ ಹಾಗೆಯೇ. ಆದರೆ ಇದರಿಂದ ‘ನಮ್ಮ ಕೇಳುಗರಿಗೆ ಇದೇ ಹೆಚ್ಚು ಇಷ್ಟ’ ಎಂಬ ತೀರ್ಮಾನಕ್ಕೆ ಬರಲಾಗದು. ಎರಡೇ ಆಯ್ಕೆಗಳ ನೇರ ಪೋಲಿನಲ್ಲಿ ಒಲವು ಸರಿಸಮವಾಗಿದ್ದರೂ 100 ಮತಕ್ಕೆ ಹತ್ತು ಮತದಷ್ಟು ಅಂತರ ಬರೀ ಆಕಸ್ಮಿಕವಾಗಿ ಬರುವುದು ಮಾಮೂಲು. ಅಂತರ ಒಟ್ಟು ಮತದ ವರ್ಗಮೂಲದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಮಾತ್ರ ಅದಕ್ಕೆ ಅರ್ಥ ಕಟ್ಟಬಹುದು: 100 ಮತಕ್ಕೆ 20, 400 ಮತಕ್ಕೆ 40. ಅದೂ ಮತ ಹಾಕಿದವರ ಮಟ್ಟಿಗೆ ಮಾತ್ರ. ಕಂತುಗಳನ್ನು ಕೇಳುವ ಬಹುಪಾಲು ಜನ ಪೋಸ್ಟನ್ನೇ ನೋಡಿರುವುದಿಲ್ಲ. ಟಿವಿಯಲ್ಲಿ ಕೇಳುವ ಹಿರಿಯರು, ಅಡುಗೆ ಮಾಡುತ್ತ ಕಿವಿಗೊಡುವವರು ಗುಂಡಿ ಒತ್ತಲು ಬರುವುದು ಅಪರೂಪ. ಈ ಮಿತಿಯ ಕಾರಣಕ್ಕೂ ಪೋಲಿಗೆ ಸರದಿಯನ್ನಷ್ಟೇ ಒಪ್ಪಿಸಬೇಕು, ಚಾನೆಲ್ಲಿನ ಹರಹನ್ನು ಒಪ್ಪಿಸಬಾರದು ಎನ್ನುತ್ತೇನೆ.

ಕಾವ್ಯಕ್ಕೊಂದು ಓಟವಿದೆ, ಅದನ್ನು ಮತ ಹಾಕಿಸಿ ತುಂಡು ಮಾಡುವುದು ಕವಿಗೆ ಮಾಡುವ ಅಪಚಾರ ಎಂಬ ಆಕ್ಷೇಪ ಗಂಭೀರವಾದದ್ದು. ಅದಕ್ಕೆ ಅರ್ಧ ಒಪ್ಪಿಗೆ, ಅರ್ಧ ಉತ್ತರ ನನ್ನಲ್ಲಿದೆ. ಗಮಕದ ವೇದಿಕೆಯಲ್ಲಿ ಒಂದು ಸಂಜೆಗೆ ಒಂದು ಕಥಾಭಾಗವನ್ನು ಆರಿಸಿ ವಾಚನ, ವ್ಯಾಖ್ಯಾನ ನಡೆಸುವುದು ಬಹುಕಾಲದ ರೂಢಿ. ಬಿಡಿ ಪ್ರಸಂಗ ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಒಂದು ಪ್ರಸಂಗದ ಒಳಗಿನ ಕ್ರಮವನ್ನು ಮತಕ್ಕೆ ಹಾಕಬಾರದು. ಉತ್ತರ ಓಡುವ ಭಾಗವನ್ನು ಅವನ ಬಡಾಯಿಗಿಂತ ಮುಂಚೆ ಓದಿದರೆ ಹಾಸ್ಯವೇ ಇಲ್ಲ. ಹಾಗಾಗಿ ಮೇಲೆ ಹೇಳಿದ ಗುಚ್ಛಗಳಲ್ಲಿ ಪೋಲಿಗೆ ಬರುವುದು ಪ್ರಸಂಗದ ಮೊದಲ ಗುಚ್ಛ ಮಾತ್ರ. ಅದು ಗೆದ್ದ ಮೇಲೆ ಪ್ರಸಂಗ ಮುಗಿಯುವವರೆಗೆ ಮತವಿಲ್ಲ. ನಡುವೆ ಕೆಲವು ವಾರ ಪೋಲ್ ಇಲ್ಲದಿರುವುದರಿಂದ ಒಳ್ಳೆಯದೇ ಆಗುತ್ತದೆ, ವಾರವಾರವೂ ಕೇಳಿದರೆ ಉತ್ತರಿಸುವವರು ಕಡಿಮೆಯಾಗುತ್ತ ಬರುತ್ತಾರೆ. ವಚನ, ಕೀರ್ತನೆ, ಸರ್ವಜ್ಞನ ತ್ರಿಪದಿಗಳಂಥ ಬಿಡಿ ರಚನೆಗಳಿಗೆ ಈ ಕಟ್ಟು ಅನ್ವಯಿಸುವುದಿಲ್ಲ. ಅಲ್ಲಿ ಮೂರು ರಚನೆಗಳನ್ನು ಒಂದೇ ವಿಷಯದ ಸುತ್ತ ಆರಿಸಿಟ್ಟು ಯಾವುದು ಮೊದಲೆಂದು ನಿಶ್ಚಿಂತೆಯಿಂದ ಕೇಳಬಹುದು.

ಪಟ್ಟಿಗೆ ಸೇರಿಸುವ ಮೊದಲು ಹಕ್ಕಿನ ಪ್ರಶ್ನೆ ಇತ್ಯರ್ಥವಾಗಿರಬೇಕು, ಜನ ಆರಿಸಿದ ಮೇಲೆ ಅನುಮತಿಗಾಗಿ ಓಡಾಡುವಂತಾಗಬಾರದು. ಭಾರತದ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಇರುತ್ತದೆ. ಕುಮಾರವ್ಯಾಸ, ಲಕ್ಷ್ಮೀಶ, ಶರಣರು, ದಾಸರ ರಚನೆಗಳಿಗೆ ಅಡ್ಡಿಯಿಲ್ಲ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳೂ ಮುಕ್ತ. ಪೋಲುಗಳಲ್ಲಿ ಮತ್ತೆ ಮತ್ತೆ ಬರಬಹುದಾದ ಮಂಕುತಿಮ್ಮನ ಕಗ್ಗದ ವಿಷಯ ಬೇರೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಆದ್ದರಿಂದ ಆ ಪದ್ಯಗಳಿಗೆ 2035ರ ಕೊನೆಯವರೆಗೆ ರಕ್ಷಣೆ ಇದೆ. ಬೇಂದ್ರೆಯವರದಕ್ಕೆ 2041, ಮಾಸ್ತಿಯವರದಕ್ಕೆ 2046, ಕುವೆಂಪು ಅವರದಕ್ಕೆ 2054. ಹಳೆಯ ಕಾವ್ಯ ಮುಕ್ತವಾಗಿದ್ದರೂ ಅದರ ಹೊಸ ಗದ್ಯಾನುವಾದ, ಟಿಪ್ಪಣಿಗಳು ಬರೆದವರ ಸ್ವತ್ತು. ಪದ್ಯವನ್ನು ಓದಿ ಅರ್ಥವನ್ನು ಪುಸ್ತಕದಿಂದ ಹಾಗೆಯೇ ಓದಿದರೆ ತೊಂದರೆ ಅಲ್ಲಿ ಬರುತ್ತದೆ.

ಮಕ್ಕಳ ಕಥೆ ಹೇಳುವವರಿಗೆ ಒಂದು ಪ್ರತ್ಯೇಕ ಮಾತು. ಚಾನೆಲ್ಲನ್ನೇ ‘ಮಕ್ಕಳಿಗಾಗಿ’ ಎಂದು ಗುರುತಿಸಿದ್ದರೆ ಅದಕ್ಕೆ ಪೋಸ್ಟುಗಳ ಸೌಲಭ್ಯವೇ ಇರುವುದಿಲ್ಲ. ಮಕ್ಕಳ ವಿಡಿಯೋಗಳಿಗೆ ಕಾಮೆಂಟೂ ಮುಚ್ಚಿರುತ್ತದೆ. ಪೋಲ್ ಬೇಕೆಂದು ಈ ಗುರುತನ್ನು ಸುಳ್ಳಾಗಿ ಬದಲಿಸಬಾರದು, ಅದು ಮಕ್ಕಳ ಮಾಹಿತಿ ರಕ್ಷಣೆಗೆಂದು ಬಂದ ನಿಯಮ. ಇಂಥವರು ಪಂಜೆಯವರ ಕಥೆಯನ್ನೋ ಪಂಚತಂತ್ರವನ್ನೋ ಆರಿಸಲು ಕೊಡಬೇಕಾದರೆ ತಂದೆತಾಯಿಯರ ವಾಟ್ಸ್ಯಾಪ್ ಗುಂಪಿನಲ್ಲಿ ಪೋಲ್ ಇಡುವುದು ಒಂದು ದಾರಿ, ಕಥೆ ಕೇಳುವ ಶಾಲೆಯ ತರಗತಿಯಲ್ಲಿ ಕೈಯೆತ್ತಿಸುವುದು ಇನ್ನೊಂದು. ಮೇಲಿನ ಎಲ್ಲ ಎಚ್ಚರಿಕೆಗಳೂ ಅಲ್ಲಿಗೂ ಸಲ್ಲುತ್ತವೆ. ಮುಖ್ಯ ವ್ಯತ್ಯಾಸ ಎರಡು: ವಾಟ್ಸ್ಯಾಪಿನಲ್ಲಿ ಯಾರ ಮತ ಯಾವುದಕ್ಕೆ ಎಂದು ಗುಂಪಿಗೆಲ್ಲ ಕಾಣುತ್ತದೆ, ಮತ ಹಾಕುವ ಮುಂಚೆಯೇ ಎಣಿಕೆಯೂ ಕಾಣುತ್ತದೆ. ಮೊದಲ ಮೂರು ಮತ ಎಲ್ಲಿ ಬಿದ್ದವೋ ಉಳಿದವು ಅಲ್ಲಿಗೇ ಹೋಗುವುದು ಅಲ್ಲಿ ಹೆಚ್ಚು.

ಗೆದ್ದ ಪ್ರಸಂಗ ಕಂತಾಗಿ ಹೊರಬಂದ ಮೇಲೆ ಒಂದು ಪುಟದ ದಾಖಲೆ ಇಟ್ಟುಕೊಳ್ಳುವುದು ಈ ಇಡೀ ಕೆಲಸದ ಅಗತ್ಯ ಭಾಗ. ಪೋಲಿನ ದಿನಾಂಕ, ಆಯ್ಕೆಗಳು ಇದ್ದ ಕ್ರಮ, ಬಿದ್ದ ಮತ, ಕಂತಿನ ಮೊದಲ ಏಳು ದಿನದ ವೀಕ್ಷಣೆ, ಸರಾಸರಿ ಎಷ್ಟು ಹೊತ್ತು ನೋಡಿದರು ಎಂಬುದು, ಇಷ್ಟು ಸಾಕು. ನಾಲ್ಕು ಪ್ರಸಂಗಕ್ಕೊಂದು ಸಲ ಮತ ಕೇಳದೆ ನೀವೇ ಆರಿಸಿದ್ದನ್ನು ಓದಿ, ಅದರ ಅಂಕಿಗಳನ್ನೂ ಅದೇ ಪುಟದಲ್ಲಿ ಬರೆಯಿರಿ. ಆಗ ಹೋಲಿಕೆಗೆ ಒಂದು ಆಧಾರ ಸಿಗುತ್ತದೆ. ಜನ ಆರಿಸಿದ ಕಂತುಗಳಿಗೆ ವೀಕ್ಷಣೆ ಹೆಚ್ಚಿದ್ದು, ನೋಡಿದ ಹೊತ್ತು ಕಡಿಮೆಯಿದ್ದರೆ ಅವರು ಹೆಸರಿಗೆ ಬಂದು ಅರ್ಧದಲ್ಲಿ ಎದ್ದುಹೋದರೆಂದು ಅರ್ಥ, ಆಯ್ಕೆಯ ಸಾಲುಗಳಲ್ಲಿ ಇನ್ನೂ ಪ್ರಸಿದ್ಧಿಯೇ ಕೆಲಸ ಮಾಡುತ್ತಿದೆ. ಎರಡು ಸಲ ಸೋತ ಪ್ರಸಂಗವನ್ನು ಮೂರನೆಯ ಸಲ ಪೋಲಿಗೆ ತರಬೇಡಿ. ಅದನ್ನು ಮತ ಕೇಳದ ಸರದಿಯಲ್ಲಿ ಓದಿ, ಅದಕ್ಕೆ ಮತ ಹಾಕಿದವರು ಇಷ್ಟು ಜನ ಎಂದು ಕಂತಿನ ಆರಂಭದಲ್ಲಿ ಹೇಳಿ, ಏಳು ದಿನ ಕಳೆದ ಮೇಲೆ ಅದರ ಅಂಕಿಯನ್ನು ಗೆದ್ದವುಗಳ ಪಕ್ಕದಲ್ಲಿ ಬರೆದು ನೋಡಿ.